ಬಚ್ಚಲಮನೆಯ ಹಬೆ ಮತ್ತು ದಾವೂದಸಾಬರ ಟ್ರಿಪ್ ಸ್ವಿಚ್ಚು

ಮಿಶ್ರಿಕೋಟಿ ಬಸ್ ಸ್ಟ್ಯಾಂಡಿನ ಬಾಜೂ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿರುವ ದಾವೂದಸಾಬರು ಯಾವುದನ್ನೂ ಒಂದೇ ಸಲಕ್ಕೆ ನಂಬುವವರಲ್ಲ. ಮೇನ್ ಸ್ವಿಚ್ ಆರಿಸಿದ್ದೇವೆ ಎಂದು ಮನೆಯವರು ಆಣೆ ಮಾಡಿ ಹೇಳಿದರೂ ತಾವೇ ಹೋಗಿ ನೋಡುತ್ತಾರೆ. ನೋಡಿದ ಮೇಲೆ ತಂತಿಗೆ ಟೆಸ್ಟರ್ ಹಚ್ಚುತ್ತಾರೆ. ಟೆಸ್ಟರ್ ಉರಿಯದಿದ್ದರೆ, ಕರೆಂಟು ಇರುವುದು ಖಾತ್ರಿಯಿರುವ ಕಡೆ ಹಚ್ಚಿ ಟೆಸ್ಟರೇ ಕೆಟ್ಟಿಲ್ಲವೆಂದು ತಿಳಿದುಕೊಂಡು, ತಿರುಗಿ ಬಂದು ಅದೇ ತಂತಿಗೆ ಮತ್ತೊಮ್ಮೆ ಹಚ್ಚುತ್ತಾರೆ. ಅರವತ್ತೈದರ ಮೇಲಿನ ಮನುಷ್ಯ. ವಾರ್ನಿಶ್ ಮೆತ್ತಿ ಮೆತ್ತಿ ಬೆರಳ ತುದಿಗಳು ಕಂದು ಬಣ್ಣಕ್ಕೆ ತಿರುಗಿವೆ. ಸುತ್ತಲಿನ ಹತ್ತು ಊರಿನ ಬೋರಿನ ಮೋಟರುಗಳು ಸುಟ್ಟರೆ ಅವರ ಅಂಗಡಿಗೇ ಬರಬೇಕು.

ರೋಹಿಣಿಗೆ ಮಾತ್ರ ಈ ನಿಧಾನ ಕಂಡರೆ ಅನುಮಾನ. ಹುಬ್ಬಳ್ಳಿಯ ಇಂಗ್ಲಿಷ್ ಶಾಲೆಯಲ್ಲಿ ಓದಿ, ನಾಲ್ಕು ವರ್ಷದ ಹಿಂದೆ ಈರಬಸಪ್ಪನವರ ಮನೆಗೆ ಸೊಸೆಯಾಗಿ ಬಂದವಳು ಅವಳು. ಕೆಲಸ ಗೊತ್ತಿರುವವನು ಇಷ್ಟು ಹೊತ್ತು ತಡಕಾಡುತ್ತಾನೆಯೇ ಎಂಬುದು ಅವಳ ಲೆಕ್ಕ. ಅವಳ ಮಗಳು ಸೌಂದರ್ಯಾಗೆ ಮೂರು ವರ್ಷ. ನೀರು ಕಂಡಲ್ಲಿ ಓಡುವ, ತೂತು ಕಂಡಲ್ಲಿ ಬೆರಳು ಹಾಕುವ ವಯಸ್ಸು. ಮಗಳು ಹುಟ್ಟಿದಂದಿನಿಂದ ರೋಹಿಣಿ ನೆಮ್ಮದಿಯಾಗಿ ನಿದ್ದೆ ಮಾಡಿದ್ದು ಕಡಿಮೆ. ಮನೆಯ ಪ್ರತಿ ಸ್ವಿಚ್ಚೂ ಅವಳ ಕಣ್ಣಿಗೆ ಬಾಯಿ ತೆರೆದುಕೊಂಡು ಕೂತಿರುವಂತೆ ಕಾಣುತ್ತಿತ್ತು.

ಮಳೆಗಾಲದಲ್ಲಿ ಹಟ ಹಿಡಿದು ಮನೆಗೆ ಟ್ರಿಪ್ ಸ್ವಿಚ್ ಹಾಕಿಸಿದವಳೂ ಅವಳೇ. ಕರೆಂಟು ಹೋಗಬೇಕಾದ ದಾರಿ ಬಿಟ್ಟು ಮನುಷ್ಯರ ಮೈಯೊಳಗಿಂದಲೋ ಹಸಿ ಗೋಡೆಯೊಳಗಿಂದಲೋ ಭೂಮಿಗೆ ಸೋರಿತೆಂದರೆ ಕಣ್ಣು ಮಿಟುಕಿಸುವುದರೊಳಗೆ ಇಡೀ ಮನೆಯ ಕರೆಂಟು ಕಡಿಯುವ ಸ್ವಿಚ್ಚು ಅದು. ದಾವೂದಸಾಬರು ಹುಬ್ಬಳ್ಳಿಯಿಂದ ತಂದು ಹಾಕಿದರು. ಹಾಕಿದಾಗ ಬಚ್ಚಲಮನೆಯನ್ನೂ ಒಮ್ಮೆ ನೋಡಿ, ಹಡಸಾಲೆಯ ಪಾಯಿಂಟಿನಿಂದ ಬೆಳಕಿಂಡಿಯ ಒಳಗೆ ಹಾಯಿಸಿ ಕನ್ನಡಿಯ ಹಲಗೆಯ ಮೇಲೆ ಮೊಳೆಗೆ ತೂಗುಹಾಕಿದ್ದ ಎಕ್ಸ್‌ಟೆನ್ಶನ್ ಬೋರ್ಡನ್ನು ತೆಗೆಯಬೇಕೆಂದಿದ್ದರು. ಈರಬಸಪ್ಪನವರು ಒಪ್ಪಲಿಲ್ಲ. ಕೊನೆಗೆ ದಾವೂದಸಾಬರು, ಹಾಗಾದರೆ ಅದಕ್ಕೆ ನೀರು ಮಾತ್ರ ತಾಗಬಾರದು ಎಂದು ಹೇಳಿ ಚಪ್ಪಲಿ ಮೆಟ್ಟಿದ್ದರು.

ಈರಬಸಪ್ಪನವರು ಒಪ್ಪದಿರಲು ಕಾರಣವಿತ್ತು. ಎರಡು ವರ್ಷದಿಂದ ಅವರ ಬಲಗೈ ನಡುಗುತ್ತದೆ. ಬ್ಲೇಡು ಹಿಡಿದರೆ ಗಲ್ಲ ಕೊಯ್ದುಕೊಳ್ಳುತ್ತಿದ್ದರು, ಬ್ರಶ್ಶು ಹಿಡಿದರೆ ವಸಡು ಕೀಳುತ್ತಿದ್ದರು. ಹಲ್ಲಿನ ಡಾಕ್ಟರು ಹೇಳಿದರೆಂದು ಮಗ ಸಂಗನಬಸವ ಕರೆಂಟಿನ ಬ್ರಶ್ಶು, ಅದರ ಜೊತೆ ಗಡ್ಡದ ಮಶೀನು ತಂದುಕೊಟ್ಟ. ಎರಡಕ್ಕೂ ಚಾರ್ಜ್ ತುಂಬಲು ಆ ಬೋರ್ಡಿಗೆ ಸಿಕ್ಕಿಸುವ ಒಂದೊಂದು ಸಣ್ಣ ಪೀಠ. ಬ್ರಶ್ಶಿನ ಪೀಠದ ಮೇಲೆ ಬೆರಳಿನಷ್ಟು ಪ್ಲಾಸ್ಟಿಕ್ ಗೂಟ. ಗೂಟಕ್ಕೆ ಬ್ರಶ್ಶನ್ನು ಸಿಕ್ಕಿಸಿದರೆ ಹಸಿರು ದೀಪ ಮಿಣಮಿಣ ಎನ್ನುತ್ತದೆ. ಎಲ್ಲೂ ಲೋಹದ ತುಣುಕಿಲ್ಲ, ಪಿನ್ನಿಲ್ಲ. ಅಂದಿನಿಂದ ಈರಬಸಪ್ಪನವರು ಯಾರ ಕೈಗೂ ಗಲ್ಲ ಕೊಡದೆ, ಬಚ್ಚಲಮನೆಯ ಬಾಗಿಲು ಹಾಕಿಕೊಂಡು ತಮ್ಮ ಗಡ್ಡ ತಾವೇ ಮಾಡಿಕೊಳ್ಳುತ್ತಿದ್ದರು. ಆ ಬಾಗಿಲಿನ ಹಿಂದಿನ ಸ್ವಾತಂತ್ರ್ಯ ಬೋರ್ಡಿನ ಜೊತೆ ಹೊರಗೆ ಹೋಗುವುದು ಅವರಿಗೆ ಬೇಡವಾಗಿತ್ತು.

ಚಳಿ ಶುರುವಾಗುತ್ತಿದ್ದಂತೆ ಟ್ರಿಪ್ ಬೀಳತೊಡಗಿತು. ದಿನಾ ಬೆಳಿಗ್ಗೆ, ಈರಬಸಪ್ಪನವರು ಹಂಡೆಯ ಬಿಸಿನೀರು ತೋಡಿಕೊಳ್ಳುವ ಹೊತ್ತಿಗೆ, ಟಪ್ ಎಂದು ಮನೆಯೆಲ್ಲ ಕತ್ತಲು. ಮೇಲಿನ ಟಾಕಿಗೆ ಏರುತ್ತಿದ್ದ ನೀರು ಅರ್ಧಕ್ಕೆ ನಿಲ್ಲುತ್ತದೆ, ಅತ್ತೆ ಮಹಾದೇವಕ್ಕನ ಮಿಕ್ಸರಿನಲ್ಲಿ ಚಟ್ನಿ ಅರ್ಧಕ್ಕೆ ನಿಲ್ಲುತ್ತದೆ. ಎಂಟು ಗಂಟೆಯ ಮೇಲೆ ಸ್ವಿಚ್ಚು ಎತ್ತಿದರೆ ದಿನವಿಡೀ ಸುಮ್ಮನಿರುತ್ತದೆ.

ಮೊದಲ ಸಲ ದಾವೂದಸಾಬರು ಬಂದದ್ದು ಮಧ್ಯಾಹ್ನ. ಹೊರಗಿನವರು ಬರುತ್ತಾರೆಂದು ರೋಹಿಣಿ ಎಂದಿನಂತೆ ಬಚ್ಚಲಮನೆಯನ್ನು ತಿಕ್ಕಿ, ಒರೆಸಿ, ಕಿಟಕಿ ತೆರೆದು ಚೊಕ್ಕ ಮಾಡಿಟ್ಟಿದ್ದಳು. ಅವರು ಬೋರ್ಡನ್ನು ಬಿಚ್ಚಿದರು. ಒಳಗೆ ಬೂದುಬಣ್ಣದ ನುಣ್ಣನೆ ಪುಡಿ ಕೂತಿತ್ತು. ಅದನ್ನು ಬೆರಳಿಗೆ ಹಚ್ಚಿಕೊಂಡು ನೋಡಿದರು, ಕನ್ನಡಿಯ ಹಲಗೆ ನೋಡಿದರು, ಬಾಗಿಲಲ್ಲಿ ನಿಂತಿದ್ದ ರೋಹಿಣಿಯ ಮುಖ ನೋಡಿದರು. ಏನೋ ಹೇಳಲು ಬಾಯಿ ತೆರೆದು ಮುಚ್ಚಿದರು. ಏನದು ಎಂದು ಅವಳು ಕೇಳಿದ್ದಕ್ಕೆ, ಧೂಳು ಎಂದರು. ಬ್ರಶ್ಶಿನಿಂದ ಗುಡಿಸಿ, ಪುಡಿಯನ್ನು ಕಾಗದದಲ್ಲಿ ಮಡಚಿ ಕಿಸೆಗೆ ಹಾಕಿಕೊಂಡರು.

ಧೂಳನ್ನು ಯಾರಾದರೂ ಕಾಗದದಲ್ಲಿ ಕಟ್ಟಿಕೊಂಡು ಹೋಗುತ್ತಾರೆಯೇ? ಆ ಪ್ರಶ್ನೆ ರೋಹಿಣಿಯ ತಲೆಯಲ್ಲಿ ಮೂರು ದಿನ ಕೂತಿತು. ಅವರು ಹಾಕಿದ ಸ್ವಿಚ್ಚು ಹಳೆಯದಿರಬೇಕು, ಎಲ್ಲೋ ಕಿತ್ತದ್ದನ್ನು ತಂದು ಹಚ್ಚಿರಬೇಕು, ಅದರೊಳಗಿನ ಸುಟ್ಟ ಪುಡಿಯನ್ನೇ ಮುಚ್ಚಿಡುತ್ತಿದ್ದಾರೆ ಎಂದು ಪರಊರಲ್ಲಿದ್ದ ಗಂಡ ಸಂಗನಬಸವನಿಗೆ ಫೋನಿನಲ್ಲಿ ಹೇಳಿದಳು. ಸ್ವಿಚ್ಚು ಹಡಸಾಲೆಯಲ್ಲಿದೆ, ಪುಡಿ ಬಚ್ಚಲಮನೆಯ ಬೋರ್ಡಿನಲ್ಲಿತ್ತು ಎಂದು ಅವನು ನೆನಪಿಸಿದರೂ ಅವಳ ಸಂಶಯ ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ.

ಎರಡು ದಿನ ಸುಮ್ಮನಿದ್ದ ಟ್ರಿಪ್ ಮೂರನೆಯ ದಿನ ಮತ್ತೆ ಬಿತ್ತು. ಈಗ ಸಂಶಯ ಪೀಠಗಳ ಮೇಲೆ ತಿರುಗಿತು. ತಂತಿ ಕೂಡದೆ ಕರೆಂಟು ಹೋಗುತ್ತದೆಂದರೆ ಅದು ಗಾಳಿಯಲ್ಲೇ ಹೋಗುತ್ತಿರಬೇಕು. ಗಾಳಿಯಲ್ಲಿ ಹೋಗುವುದು ಹಸಿ ಗೋಡೆಗೆ, ಹಸಿ ಮಗುವಿಗೆ ಹೋಗದೇ ಇರುತ್ತದೆಯೇ? ಮುಟ್ಟಿ ನೋಡಿದರೆ ಪೀಠ ಯಾವಾಗಲೂ ಬೆಚ್ಚಗೆ. ಬೆಕ್ಕು ಮಲಗಿ ಎದ್ದು ಹೋದ ಜಾಗದ ಹಾಗೆ ಎಂದು ಮಹಾದೇವಕ್ಕನೂ ದನಿಗೂಡಿಸಿದಳು.

ಆ ಮಧ್ಯಾಹ್ನ ಮತ್ತೆ ಬಂದು ಬೋರ್ಡು ಸರಿಯಿದೆ ಎಂದ ದಾವೂದಸಾಬರಿಗೂ ಪೀಠದ ಮೇಲೆ ನಂಬಿಕೆಯಿರಲಿಲ್ಲ. ಗೂಟಕ್ಕೆ ಟೆಸ್ಟರ್ ಹಚ್ಚಿದರು, ಉರಿಯಲಿಲ್ಲ. ಉರಿಯಲಿಲ್ಲವೆಂದು ಸುಮ್ಮನಾಗಲಿಲ್ಲ. ಎರಡೂ ಪೀಠ ಒಯ್ದು ಒಂದು ದಿನ ಅಂಗಡಿಯಲ್ಲಿ ಇಟ್ಟುಕೊಳ್ಳುತ್ತೇನೆ ಎಂದರು. ರೋಹಿಣಿ ಒಳಗೆ ಹೋಗಿ ಎರಡರ ತಳಕ್ಕೂ ಉಗುರಬಣ್ಣದ ಒಂದೊಂದು ಕೆಂಪು ಚುಕ್ಕೆ ಇಟ್ಟು, ಆರಿದ ಮೇಲೆ ತಂದುಕೊಟ್ಟಳು. ಬದಲಿಸಿದರೆ ಗೊತ್ತಾಗಲಿ ಎಂದು.

ಮರುದಿನ ಬೆಳಿಗ್ಗೆ, ಪೀಠಗಳೇ ಇಲ್ಲದ ಬಚ್ಚಲಮನೆಯಲ್ಲೂ ಟ್ರಿಪ್ ಬಿತ್ತು.

ಈರಬಸಪ್ಪನವರ ತಾಳ್ಮೆ ಮುಗಿಯಿತು. ಅರ್ಧ ಮೈಗೆ ಸಾಬೂನು ಹಚ್ಚಿಕೊಂಡು ಕತ್ತಲಲ್ಲಿ ನಿಂತದ್ದು ಅವರಿಗೆ ದೊಡ್ಡ ಅಪಮಾನವಾಗಿತ್ತು. ಕಲಘಟಗಿಯ ನಿಯಾಜ್ ಎಂಬ ಹೊಸ ವೈರ್‌ಮನ್ನಿಗೆ ಫೋನು ಹಚ್ಚಿಸಿದರು. ನಿಯಾಜ್, ಟ್ರಿಪ್ ತೆಗೆದು ಡೈರೆಕ್ಟ್ ಮಾಡಿಬಿಟ್ಟರೆ ಐದು ಮಿನಿಟಿನ ಕೆಲಸ ಎಂದನಂತೆ. ಸೋಮವಾರ ಬರುತ್ತಾನೆಂದಾಯಿತು. ಆ ದಿನ ಶುಕ್ರವಾರ.

ಸ್ವಿಚ್ಚು ಹಾಕಿದವರ ಮೇಲೆ ರೋಹಿಣಿಗೆ ನಂಬಿಕೆಯಿರಲಿಲ್ಲ, ನಿಜ. ಆದರೆ ಸ್ವಿಚ್ಚೇ ಇಲ್ಲದ ಮನೆಯಲ್ಲಿ ಸೌಂದರ್ಯಾ ಒದ್ದೆ ಕೈಯಿಂದ ಆ ಬೋರ್ಡನ್ನು ಮುಟ್ಟಿದರೆ? ಬೇಡವೆಂದು ಮಾವನಿಗೆ ಹೇಳಲು ಹೋದಳು. ಕತ್ತಲಲ್ಲಿ ಬಿದ್ದು ಸೊಂಟ ಮುರಿದುಕೊಳ್ಳುವುದು ಯಾವ ಸುರಕ್ಷೆಯಮ್ಮಾ ಎಂದು ಅವರು ಕೇಳಿದರು.

ಶನಿವಾರ ಅವಳೇ ಮಗಳನ್ನು ಸೊಂಟಕ್ಕೇರಿಸಿಕೊಂಡು ಅಂಗಡಿಗೆ ನಡೆದಳು. ಬಿಚ್ಚಿದ ಮೋಟರುಗಳ ನಡುವೆ ದಾವೂದಸಾಬರು ಕಾಲು ಮಡಚಿ ಕೂತಿದ್ದರು. ಮೊದಲು ಪೀಠಗಳನ್ನು ಕೇಳಿ ತಿರುವಿ ನೋಡಿದಳು. ಎರಡರ ತಳದಲ್ಲೂ ಕೆಂಪು ಚುಕ್ಕೆ ಇರಲಿಲ್ಲ.

"ಇವು ನಮ್ಮನ್ಯಾವಲ್ಲ," ಎಂದಳು. "ನಾ ಗುರುತು ಮಾಡಿದ್ದೆ."

ದಾವೂದಸಾಬರು ಅವಳನ್ನು ಒಂದು ಕ್ಷಣ ನೋಡಿ, ಮೊಣಕಾಲ ಕೆಳಗಿದ್ದ ಅರಿವೆಯನ್ನು ಕೊಡವಿ ತೋರಿಸಿದರು. ಥಿನ್ನರ್ ವಾಸನೆಯ ಆ ಅರಿವೆಯ ಮೇಲೆ ಎರಡು ಕೆಂಪು ಕಲೆಗಳಿದ್ದವು. "ತಳದಾಗ ಪೇಸ್ಟ ಹೆಪ್ಪಗಟ್ಟಿತ್ತ್ರಿ ತಂಗಿ. ಒಡದೇತೇನ ಅಂತ ನೋಡಾಕ ಒರಸಿದೆ. ಗುರುತಂತ ನನಗೇನ ಗೊತ್ತು?" ಎಂದು ನಕ್ಕರು. "ನೀವೂ ನನ್ನಂಗ. ನಂಬೂದಿಲ್ಲ. ಛಲೋ."

ಅವಳಿಗೆ ನಾಚಿಕೆಯಾಯಿತು, ಆದರೆ ಪೂರಾ ಆಗಲಿಲ್ಲ. ಫೋನು ತೆಗೆದು, ಡಬ್ಬಿಯ ಮೇಲಿನ ನಂಬರಿನ ಫೋಟೋವನ್ನು ಪೀಠದ ನಂಬರಿನೊಡನೆ ಹೋಲಿಸಿ ನೋಡಿದಳು. ಕೂಡಿತು.

ದಾವೂದಸಾಬರು ಬ್ರಶ್ಶಿನ ಪೀಠವನ್ನು ಪ್ಲಗ್ಗಿಗೆ ಹಾಕಿದರು. ಮೋಟರಿಗೆ ಸುತ್ತುವ ಕೂದಲೆಳೆಯಂಥ ತಾಮ್ರದ ತಂತಿಯನ್ನು ಬೆರಳಿಗೆ ಅರವತ್ತು ಸುತ್ತು ಸುತ್ತಿ ಬಳೆ ಮಾಡಿ, ಎರಡು ತುದಿಗೂ ಸಣ್ಣ ದೀಪವೊಂದನ್ನು ಕಟ್ಟಿದ್ದರು. ಬಳೆಯನ್ನು ಗೂಟಕ್ಕೆ ಹಾಕಿದರು. ದೀಪ ಹತ್ತಿತು. ಸೌಂದರ್ಯಾ ಕೈ ಚಾಚಿದಳು. ಬಳೆಯನ್ನು ಮೂರು ಬೆರಳಿನಷ್ಟು ಮೇಲೆತ್ತಿದರೆ ದೀಪ ಮಂದವಾಗಿ ಆರಿತು. ಇಳಿಸಿದರೆ ಮತ್ತೆ ಹತ್ತಿತು. ಗೂಟಕ್ಕೆ ಪ್ಲಾಸ್ಟಿಕ್ ಚೀಲ ಹೊದಿಸಿ ಹಾಕಿದರೂ ಹತ್ತಿತು.

ಅವರು ವಿವರಿಸಿದ್ದು ಇಷ್ಟು. ಗೂಟದೊಳಗೆ ಒಂದು ಸುರುಳಿ, ಬ್ರಶ್ಶಿನ ಬುಡದಲ್ಲಿ ಇನ್ನೊಂದು. ಇಲ್ಲಿನ ಸುರುಳಿಯಲ್ಲಿ ಕರೆಂಟು ಹಿಂದಕ್ಕೂ ಮುಂದಕ್ಕೂ ಓಡಾಡಿದರೆ ಸುತ್ತ ಅಯಸ್ಕಾಂತದ ಶಕ್ತಿ ಏರಿಳಿಯುತ್ತದೆ. ಆ ಏರಿಳಿತ ಅಲ್ಲಿನ ಸುರುಳಿಯಲ್ಲಿ ಹೊಸ ಕರೆಂಟು ಹುಟ್ಟಿಸುತ್ತದೆ. ಊರ ಹೊರಗಿನ ಟ್ರಾನ್ಸ್‌ಫಾರ್ಮರಿನಲ್ಲೂ ನಡೆಯುವುದು ಅದೇ. ಇಲ್ಲಿ ಅದನ್ನು ನಡುವೆ ಸೀಳಿ ಅರ್ಧ ಪೀಠಕ್ಕೆ, ಅರ್ಧ ಬ್ರಶ್ಶಿಗೆ ಹಾಕಿದ್ದಾರೆ, ಅಷ್ಟೇ. ಬೆಚ್ಚಗಿರುವುದು ಅದರ ಗುಣ, ರೋಗವಲ್ಲ. ಗಾಳಿಯಲ್ಲಿ ಹೋಗುವುದು ನಿಜ, ಆದರೆ ಎರಡು ಬೆರಳಿನಾಚೆ ಅದರ ಕೈ ಸಾಗುವುದಿಲ್ಲ.

"ಹಂಗಾದ್ರ ಇದಕ್ಕ ನೀರ ಬಿದ್ರೂ ನಡೀತತೇನ್ರಿ?"

"ಮ್ಯಾಲ ಬಿದ್ರ ನಡೀತತಿ. ಸಂದಿಲ್ಲದಂಗ ಮುಚ್ಯಾರ. ಆದ್ರ ಒಳಗ ಮನಿ ಕರೆಂಟ ಐತಿ, ಮರೀಬ್ಯಾಡ್ರಿ. ಒಡೀತು, ವೈರ್ ಹರೀತು ಅಂದ್ರ ಒಗದ ಬಿಡ್ರಿ. ಇದರ ಪೀಠ ನೀರಿಗೆ ಹೆದರಂಗಿಲ್ಲ, ಇದರ ಪ್ಲಗ್ ಹೆದರತೈತಿ. ಪ್ಲಗ್ ಹಾಕೂ ಬೋರ್ಡ ಇನ್ನೂ ಹೆದರತೈತಿ."

ಬೋರ್ಡನ್ನು ತಾವೇ ಎರಡು ಸಲ ನೋಡಿ ಸರಿಯಿದೆ ಎಂದವರಲ್ಲವೇ ಎಂದು ಅವಳು ತಿರುಗಿ ಕೇಳಿದಳು. ಅವರು ಮೆಗ್ಗರ್ ಎಂಬ ಹಿಡಿಕೆ ತಿರುವುವ ಕರಿ ಪೆಟ್ಟಿಗೆಯನ್ನು ಮುಂದಕ್ಕೆಳೆದರು. ತಂತಿಗಳ ನಡುವೆ ಕರೆಂಟು ಸೋರುವಂತಿದೆಯೇ ಎಂದು ಅದು ಮುಳ್ಳಿನಲ್ಲಿ ತೋರಿಸುತ್ತದೆ. ಮೋಟರು ಉಳಿದಿದೆಯೋ ಸತ್ತಿದೆಯೋ ಎಂದು ಅದರಿಂದಲೇ ಅವರು ಹೇಳುವುದು. ಮೊನ್ನೆ ಮಧ್ಯಾಹ್ನ ಬೋರ್ಡಿಗೆ ಅದನ್ನು ಹಚ್ಚಿದಾಗ ಮುಳ್ಳು ಅಗದಿ ಸ್ವಚ್ಛ ತೋರಿಸಿತ್ತಂತೆ. ಬೆಳಿಗ್ಗೆ ಕಳ್ಳ, ಮಧ್ಯಾಹ್ನ ಸಂಭಾವಿತ. ಹಾಗಿರುವ ಕಳ್ಳನನ್ನು ಬೆಳಿಗ್ಗೆಯೇ ಹಿಡಿಯಬೇಕು. ನಾಳೆ ಯಜಮಾನರು ಸ್ನಾನಕ್ಕಿಳಿಯುವ ಮೊದಲು ಬರುತ್ತೇನೆ, ಅಲ್ಲಿಯ ತನಕ ಬಚ್ಚಲಮನೆಯಲ್ಲಿ ಏನನ್ನೂ ಮುಟ್ಟಬೇಡಿ, ಒರೆಸಬೇಡಿ, ನನಗಾಗಿ ಚೊಕ್ಕ ಮಾಡಬೇಡಿ ಎಂದರು.

ಅಷ್ಟು ನಸುಕಿನಲ್ಲಿ ಬಚ್ಚಲಮನೆಗೆ ಪರಪುರುಷನೇ ಎಂದು ಮಹಾದೇವಕ್ಕ ಗೊಣಗಿದಳು. ಈರಬಸಪ್ಪನವರು, ಅವನು ನನ್ನ ಜೊತೆ ಕನ್ನಡ ಶಾಲೆಯಲ್ಲಿ ಒಂದೇ ಹಲಗೆಯ ಮೇಲೆ ಕೂತವನು, ನನ್ನ ಬೆನ್ನು ನೋಡಿದರೆ ಅವನ ಕಣ್ಣೇನು ಹೋಗುವುದಿಲ್ಲ ಎಂದು ಅವಳ ಬಾಯಿ ಮುಚ್ಚಿಸಿದರು. ಆದರೆ ನಿಯಾಜ್‌ನಿಗೆ ಬರಬೇಡವೆಂದು ಹೇಳಲಿಲ್ಲ.

ಭಾನುವಾರ ಆರಕ್ಕೇ ದಾವೂದಸಾಬರು ಬಂದರು. ಕಿವಿಗೆ ಮಫ್ಲರ್, ಕಂಕುಳಲ್ಲಿ ಮೆಗ್ಗರ್. ರೋಹಿಣಿ ದೀಪ ಹಿಡಿದು ಮುಂದೆ ನಡೆದಳು. ಬಚ್ಚಲಮನೆಯ ಬಾಗಿಲು ತೆರೆದದ್ದೇ ಅವರು ಹೊಸ್ತಿಲಲ್ಲಿ ನಿಂತುಬಿಟ್ಟರು.

"ಇದೇನ್ರಿ ಇದು?"

ಬೋರ್ಡಿಗೆ ಮೈತುಂಬ ಪ್ಲಾಸ್ಟಿಕ್ ಚೀಲ ಹೊದಿಸಿ, ಬಾಯಿಗೆ ಎರಡು ಸುತ್ತು ರಬ್ಬರು ಹಾಕಿತ್ತು. ಅದು ರೋಹಿಣಿಯ ಕೈಯ ಕೆಲಸ. ಸಂಜೆ ಮಗಳಿಗೆ ನೀರು ಹಾಕಿದ ಮೇಲೆ ದಿನಾ ಹಾಗೆ ಕಟ್ಟುತ್ತಿದ್ದಳು. ಬೆಳಿಗ್ಗೆ ಎಲ್ಲರ ಸ್ನಾನ ಮುಗಿದ ಮೇಲೆ ಬಿಚ್ಚಿ ಬಿಸಿಲಿಗೆ ಒಣಹಾಕುತ್ತಿದ್ದಳು. ನೀರು ತಾಗಬಾರದೆಂದು ನೀವೇ ಹೇಳಿದ್ದಿರಿ ಎಂದಳು. ದನಿ ಅವಳಿಗೇ ಕೇಳದಷ್ಟು ಸಣ್ಣದಾಗಿತ್ತು.

ದಾವೂದಸಾಬರು ಹೊರಗಿನ ಪಾಯಿಂಟಿನಿಂದ ಬೋರ್ಡಿನ ಪ್ಲಗ್ ಕಿತ್ತು, ಕಿತ್ತದ್ದನ್ನು ಎರಡು ಸಲ ನೋಡಿ, ಚೀಲದ ಮೇಲೆ ದೀಪ ಬಿಟ್ಟರು. ಒಳಮೈಯಲ್ಲೆಲ್ಲ ಹನಿ. ಸಂಜೆಯ ಹಬೆ ಹೋಗಲು ದಾರಿಯಿಲ್ಲದೆ ಒಳಗೇ ಉಳಿದು, ಚಳಿಗೆ ನೀರಾಗಿ, ಬೋರ್ಡಿನ ತೂತುಗಳ ಅಂಚಿಗೆ ಮಣಿಮಣಿಯಾಗಿ ಕೂತಿತ್ತು. ಚೀಲ ಬಿಚ್ಚದೆಯೇ ಪ್ಲಗ್ಗಿನ ಪಿನ್ನುಗಳಿಗೆ ಮೆಗ್ಗರಿನ ತಂತಿ ಸಿಕ್ಕಿಸಿ ಹಿಡಿಕೆ ತಿರುವಿದರು. ಮುಳ್ಳು ಸೊನ್ನೆಯ ಕಡೆಗೆ ಜಾರಿ ಬಿತ್ತು. ಕರೆಂಟಿನ ತಂತಿಯಿಂದ ಅರ್ಥಿಂಗ್ ತಂತಿಗೆ ಬೋರ್ಡಿನೊಳಗೇ ಒದ್ದೆಯ ದಾರಿಯಾಗಿತ್ತು. ಟ್ರಿಪ್ ಬೀಳಲು ಇನ್ನೊಂದಿಷ್ಟೇ ಹಸಿ ಸಾಕಿತ್ತು; ಬೆಳಗಿನ ಹಂಡೆಯ ಹಬೆ ಚೀಲದ ಬಾಯಿಯ ಸಂದಿಯಿಂದ ಒಳಸೇರಿದರೆ ಅದು ಬೀಳದೆ ಏನು ಮಾಡೀತು?

"ನನ್ನ ತಪ್ಪೂ ಐತ್ರಿ," ಎಂದರು ದಾವೂದಸಾಬರು. "ನಾ ನೀರ ಅಂದೆ, ಹಬಿ ಅನ್ನಲಿಲ್ಲ. ಅವತ್ತ ಇದನ್ನ ಕಿತ್ತ ಹೊರಗ ಹಾಕೇ ಹೋಗಬೇಕಿತ್ತು."

ಮಗಳನ್ನು ಕಾಯಲೆಂದು ದಿನಾ ಸಂಜೆ ರೋಹಿಣಿ ತಾನೇ ಕೈಯಾರೆ ಅಪಾಯವನ್ನು ಚೀಲದಲ್ಲಿ ಕಟ್ಟಿಡುತ್ತಿದ್ದಳು. ಆದರೂ ಅವಳೊಳಗಿನ ಅನುಮಾನ ಕೊನೆಯದೊಂದು ಎಳೆ ಹಿಡಿದುಕೊಂಡಿತ್ತು. ಬರೀ ಹಬೆಯ ನೀರು ಇಷ್ಟು ಮಾಡುತ್ತದೆಯೇ? ಅವತ್ತು ಕಾಗದದಲ್ಲಿ ಕಟ್ಟಿಕೊಂಡು ಹೋದದ್ದೇನು ಎಂದು ಕೇಳಿಯೇಬಿಟ್ಟಳು.

ದಾವೂದಸಾಬರು ಚೀಲ ತೆಗೆದು ಬೋರ್ಡನ್ನು ಬಿಚ್ಚಿದರು. ಬಾಗಿಲ ಕಡೆ ನೋಡಿದರು. ಹೆಗಲಿಗೆ ಟಾವೆಲ್ ಹಾಕಿಕೊಂಡು ಈರಬಸಪ್ಪನವರು ಬಂದು ನಿಂತಿದ್ದರು. ಅವರು ಬಿಚ್ಚಿದ ಬೋರ್ಡಿನೊಳಗೆ ಬಗ್ಗಿ ನೋಡಿದರು. ಒಂದೇ ವಾರದಲ್ಲಿ ಮತ್ತೆ ಕೂತಿದ್ದ ಬೂದುಬಣ್ಣದ ಪುಡಿ ಈಗ ಒದ್ದೆಯಾಗಿ ಕೆಸರಿನಂತಾಗಿತ್ತು. ಮೊಳೆಯ ಮೇಲ್ಗಡೆಯ ಗೂಡಿನಲ್ಲಿ ಅವರ ವಿಭೂತಿ ಗಟ್ಟಿ ಇತ್ತು. ನಡುಗುವ ಕೈಯಿಂದ ಬೆಳಿಗ್ಗೆಯೂ, ಸಂಜೆ ಚೀಲ ಕಟ್ಟುವ ಮುಂಚೆಯೂ ದಿನಾ ಅಲ್ಲಿಯೇ ನಿಂತು ಹಚ್ಚಿಕೊಳ್ಳುತ್ತಿದ್ದರು. ಅರ್ಧ ಹಣೆಗೆ, ಅರ್ಧ ಕೆಳಗೆ.

"ಲೇ ದಾವೂದ, ಇದು ನನ್ನ ವಿಭೂತಿ ಅಲ್ಲೇನೋ?"

"ಹೌದ."

"ಮತ್ತ ಒಂದ ವಾರದಿಂದ ಧೂಳು ಧೂಳು ಅಂತ ಯಾಕ ಬಡಕೋತಿ?"

"ಏನಂತ ಹೇಳ್ಲಿ ಈರಣ್ಣ? ದಾವೂದಸಾಬ ಬಂದು, ನಿಮ್ಮ ವಿಭೂತಿಯಿಂದನ ಮನಿ ಕೆಟ್ಟೈತಿ ಅಂದ ಅಂತ ಊರಾಗ ಮಾತ ಹುಟ್ಟಿದ್ರ ಅದನ್ನ ಯಾವ ಮೆಗ್ಗರಲೇ ಅಳೀಲಿ? ಗುಡಿಸಿದ್ದನ್ನ ಬಚ್ಚಲಕ್ಕ ಚೆಲ್ಲಾಕೂ ಮನಸ್ಸ ಬರಲಿಲ್ಲ. ಒಯ್ದು ನಿಮ್ಮ ಹೊಲದ ಬದುವಿನ ಬೇವಿನ ಬುಡಕ್ಕ ಹಾಕಿ ಬಂದೆ."

ಈರಬಸಪ್ಪನವರು ಒದ್ದೆ ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ನೋಡಿದರು. ಆಮೇಲೆ, ಒಣಗಿದ ಬೂದಿ ಸುಮ್ಮನಿರುತ್ತದೆ, ಹಸಿಯಾದರೆ ಉಪ್ಪುನೀರಿನ ಹಾಗೆ ಕರೆಂಟು ಹಾಯಿಸುತ್ತದೆ ಎಂಬುದನ್ನು ದಾವೂದಸಾಬರಿಂದ ಎರಡು ಸಲ ಕೇಳಿ ತಿಳಿದುಕೊಂಡರು. ವಿಭೂತಿ ಬೋರ್ಡಿನ ಮೇಲೆ ಬೀಳುವುದು ವಿಭೂತಿಯ ತಪ್ಪಲ್ಲ, ಬೋರ್ಡು ಅಲ್ಲಿರುವುದೇ ತಪ್ಪು ಎಂದು ತಾವೇ ತೀರ್ಪು ಕೊಟ್ಟು, ಮೊಳೆಯನ್ನು ಕೀಳಲು ಹೇಳಿದರು. ಗಡ್ಡ ಎಲ್ಲಿ ಮಾಡಿಕೊಳ್ಳಲಿ ಎಂಬುದೊಂದೇ ಅವರ ಪ್ರಶ್ನೆಯಾಗಿತ್ತು. ಮಶೀನೂ ಬ್ರಶ್ಶೂ ಒದ್ದೆಯಲ್ಲಿ ಬಳಸಲೆಂದೇ ಮಾಡಿದವು, ಅವನ್ನು ಒಳಗೆ ಒಯ್ದು ಬಾಗಿಲು ಹಾಕಿಕೊಳ್ಳಲಿ, ಒಳಗೆ ಬರಬಾರದ್ದು ಪೀಠ ಮತ್ತು ಪ್ಲಗ್ಗು ಮಾತ್ರ ಎಂದು ದಾವೂದಸಾಬರು ಹೇಳಿದಾಗ ಅವರ ಮುಖ ಸಡಿಲವಾಯಿತು.

ನಿಯಾಜ್‌ನಿಗೆ ರೋಹಿಣಿಯೇ ಫೋನು ಮಾಡಿ ಬರಬೇಡವೆಂದಳು.

ಸೋಮವಾರ ದಾವೂದಸಾಬರು ಹಡಸಾಲೆಯ ಒಣ ಗೋಡೆಗೆ ಹೊಸ ಪಾಯಿಂಟು ಕೂರಿಸಿದರು. ಬಚ್ಚಲಮನೆಯಲ್ಲಿ ನಿಂತವರ ಒದ್ದೆ ಕೈ ನಿಲುಕದಷ್ಟು ದೂರ, ಸೌಂದರ್ಯಾ ಮೇಜು ಹತ್ತಿದರೂ ಸಿಗದಷ್ಟು ಎತ್ತರ. ಅದರ ಬಾಜೂ ಹಲಗೆ ಹೊಡೆದು ಎರಡೂ ಪೀಠ ಇಟ್ಟರು. ಉಂಗುರ, ಪಿನ್ನು, ನಾಣ್ಯ ಅದರ ಮೇಲೆ ಇಡಬೇಡಿ, ಬಿಸಿಯಾದಾವು ಎಂದರು. ಬೆಳಕಿಂಡಿಯಲ್ಲಿದ್ದ ಹಳೆಯ ವೈರನ್ನು ಎಳೆದು ಸುತ್ತಿಕೊಂಡರು.

ಹೊರಡುವ ಮುಂಚೆ ಅವರು ರೋಹಿಣಿಯನ್ನು ಟ್ರಿಪ್ ಸ್ವಿಚ್ಚಿನ ಎದುರಿಗೆ ನಿಲ್ಲಿಸಿದರು.

"ಇದು ಹಳೇದು, ಕಿತ್ತಿದ್ದು ಅಂತ ನೀವು ಸಂಗಣ್ಣಗ ಹೇಳಿದ್ದು ನನ್ನ ಕಿವಿಗೂ ಬಿದ್ದೈತ್ರಿ. ಟಿ ಅಂತ ಬರದಾರಲ್ಲ, ಆ ಗುಂಡಿ ಒತ್ರಿ. ಬಿದ್ರ ಜೀವಂತ ಐತಿ. ಬೀಳಲಿಲ್ಲಂದ್ರ ನನ್ನ ಅಂಗಡಿಗೆ ತಂದ ಒಗೀರಿ. ಅಮಾಸಿಗೊಮ್ಮೆ ಒತ್ರಿ, ನನ್ನ ಮಾತಿನ ಮ್ಯಾಲ ಬಿಡಬ್ಯಾಡ್ರಿ."

ಅವಳ ಬೆರಳು ಗುಂಡಿಯ ಹತ್ತಿರ ಹೋಗಿ ನಿಂತಿತು. ಇಷ್ಟೆಲ್ಲ ಆದ ಮೇಲೂ, ಒತ್ತದೆ ಬಿಟ್ಟರೆ ಮರ್ಯಾದೆಯೋ, ಒತ್ತಿದರೆ ಮರ್ಯಾದೆಯೋ ಎಂದು ತಿಳಿಯದೆ ಅವರ ಮುಖ ನೋಡಿದಳು. ಅವರು ಕನ್ನಡಕ ಸರಿಮಾಡಿಕೊಂಡು ಸ್ವಿಚ್ಚನ್ನೇ ನೋಡುತ್ತಿದ್ದರು. ತಾವೇ ಹಾಕಿದ್ದರೂ ಅದು ಬೀಳುತ್ತದೋ ಇಲ್ಲವೋ ಎಂಬ ಸಂಶಯ ಅವರ ಕಣ್ಣಲ್ಲೂ ಇತ್ತು.

"ತಡೀರಿ ಕಾಕಾ, ಒತ್ತತೇನಿ," ಎಂದು ರೋಹಿಣಿ ಗುಂಡಿ ಒತ್ತಿದಳು.

ಟಪ್ ಎಂದಿತು. ಫ್ಯಾನು ನಿಧಾನವಾಯಿತು, ಅಡುಗೆಮನೆಯಲ್ಲಿ ಮಿಕ್ಸರು ನಿಂತಿತು. ಈಗ ಯಾರು ಆರಿಸಿದಿರಿ ಎಂದು ಮಹಾದೇವಕ್ಕ ಒಳಗಿನಿಂದ ಕೇಳುತ್ತಿದ್ದಳು. ದಾವೂದಸಾಬರು ಸ್ವಿಚ್ಚು ಎತ್ತಿ, ಇನ್ನೊಮ್ಮೆ ಒತ್ತಿ ನೋಡಲು ಹೇಳಿದರು.